ವರ್ಚುವಲ್ ಮಷಿನ್‌ಗೆ ಎಷ್ಟು ರ‍್ಯಾಮ್, ಎಷ್ಟು ಕೋರ್?

ಮೊನ್ನೆ ಮಂಡ್ಯದಲ್ಲಿ ನನ್ನ ತಮ್ಮನ ಲ್ಯಾಪ್‌ಟಾಪ್ ನೋಡಿದೆ. 8 ಜಿಬಿ ರ‍್ಯಾಮ್, 4 ಕೋರ್, ಮೇಲೆ ವಿಂಡೋಸ್. ವರ್ಚುವಲ್‌ಬಾಕ್ಸ್‌ನಲ್ಲಿ ವರ್ಚುವಲ್ ಮಷಿನ್, ಅಂದ್ರೆ ವಿಎಂ ಮಾಡಿ, ಅದರೊಳಗೆ ಓಡೋ ಉಬುಂಟುಗೆ 6 ಜಿಬಿ, 8 ಪ್ರೊಸೆಸರ್ ಕೊಟ್ಟಿದ್ದ. ಉಬುಂಟು ಆನ್ ಮಾಡಿದ್ರೆ ಸಾಕು, ಮೌಸ್ ಕೂಡ ತಡವರಿಸ್ತಿತ್ತು.

ಮೊದಲು ವಿಎಂ ಮುಚ್ಚಿ, ಬ್ರೌಸರ್ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್ ನೋಡಿ. ಅವನದ್ದರಲ್ಲಿ ವಿಂಡೋಸೇ 4 ಜಿಬಿ ತಿಂತಿತ್ತು, ಉಳಿದದ್ದು 4, ಅದರಲ್ಲೂ 1 ಜಿಬಿ ಹಾಗೇ ಬಿಡಬೇಕು ಅಲ್ವಾ, ಹಾಗಾಗಿ ಉಬುಂಟುಗೆ 3 ಕೊಟ್ಟೆ. ಅಷ್ಟಕ್ಕೆ ಉಬುಂಟುವಿನದ್ದೇ ಹಗುರವಾದ ರೂಪ ಕ್ಸುಬುಂಟು ಇನ್ನೂ ಚೆನ್ನಾಗಿ ಓಡುತ್ತೆ. ಜಾಸ್ತಿ ಕೊಟ್ಟರೆ ವಿಂಡೋಸ್ ರ‍್ಯಾಮ್‌ನಲ್ಲಿ ಇರೋದನ್ನ ಡಿಸ್ಕ್‌ಗೆ ತಳ್ಳುತ್ತೆ, ಆಗ ಡಿಸ್ಕ್ ಬಳಕೆ 100% ಮುಟ್ಟಿ ಎರಡೂ ಕಡೆ ನಿಂತುಹೋಗುತ್ತೆ.

ಅವನು ಕೊಟ್ಟಿದ್ದ ಆ 8 ಪ್ರೊಸೆಸರ್ ಅನ್ನೋದು ಥ್ರೆಡ್ ಲೆಕ್ಕ, ಒಂದೊಂದು ಕೋರ್ ಎರಡರಂತೆ ಕಾಣುತ್ತೆ, ನಿಜವಾದ ಕೋರ್ 4 ಮಾತ್ರ. ಅದರಲ್ಲಿ ಅರ್ಧ, ಅಂದ್ರೆ 2 ಸಾಕು.