ಅಪ್ಪಯ್ಯ ಹೋದರು, ಆಮೇಲೆ ಅಣ್ಣನೂ ಹೋದ: ಪಾಲಾಗದ ತೋಟದ ಲೆಕ್ಕ ನಾನು ಹಾಕಿದ್ದು ಹೀಗೆ

ನಮ್ಮ ಕಡೆ ಅಪ್ಪ ತೀರಿಕೊಂಡ ಕೂಡಲೇ ಯಾರೂ ಪಾಲಿನ ಮಾತು ಎತ್ತುವುದಿಲ್ಲ. ವರ್ಷಾಂತಿಕ ಕಳೆಯಲಿ ಅಂತಾರೆ, ಆಮೇಲೆ ಅಡಿಕೆ ಕೊನೆ ಕೊಯ್ಲು ಮುಗಿಯಲಿ ಅಂತಾರೆ, ಅದೂ ಮುಗಿದರೆ ಅಮ್ಮ ಇರುವ ತನಕ ಬೇಡ ಅಂತಾರೆ. ಹೀಗೆ ವರ್ಷಗಳು ಹೋಗುತ್ತವೆ. ಅಷ್ಟರಲ್ಲಿ ವಾರಸುದಾರರಲ್ಲೇ ಒಬ್ಬರು ಇರುವುದಿಲ್ಲ. ಆಗ ಜಗಲಿಯ ಮೇಲೆ ಪ್ರಶ್ನೆ ಬರುತ್ತದೆ, ಪಾಲು ತಗೊಳ್ಳದೇ ಹೋದವನ ಪಾಲು ಎಲ್ಲಿಗೆ ಹೋಯ್ತು ಅಂತ.

ನಮ್ಮದು ತೀರ್ಥಹಳ್ಳಿ ತಾಲೂಕು. 3 ಎಕರೆ 24 ಗುಂಟೆ ಅಡಿಕೆ ತೋಟ, ಅಂದರೆ 144 ಗುಂಟೆ. ಅಪ್ಪಯ್ಯ ಸ್ವಂತ ದುಡಿಮೆಯಲ್ಲಿ ಕ್ರಯಕ್ಕೆ ತಗೊಂಡದ್ದು, ಕ್ರಯಪತ್ರ ಅವರ ಹೆಸರಲ್ಲೇ ಇದೆ. ವಿಲ್ ಬರೆದಿರಲಿಲ್ಲ. ಅಪ್ಪಯ್ಯ 2014ರಲ್ಲಿ ಹೋದರು. ಆಗ ಇದ್ದವರು ಅಮ್ಮ, ಅಣ್ಣ, ಅಕ್ಕ ಮತ್ತು ನಾನು. 2018ರಲ್ಲಿ ಅಣ್ಣ ಹೋದ, ಅತ್ತಿಗೆ ಮತ್ತು ಒಬ್ಬಳು ಮಗಳನ್ನು ಬಿಟ್ಟು. 2021ರಲ್ಲಿ ಅಮ್ಮನೂ ಹೋದರು. ಅಲ್ಲಿಯವರೆಗೂ ಪಹಣಿ ಅಪ್ಪಯ್ಯನ ಹೆಸರಲ್ಲೇ ಇತ್ತು.

ಪಾಲು ಮಾಡೋಣ ಅಂತ ಕೂತಾಗ ಎರಡು ಲೆಕ್ಕ ಬಂದವು. ದೊಡ್ಡಪ್ಪ ಹೇಳಿದ್ದು, "ಅವನು ಪಾಲೇ ತಗೊಂಡಿಲ್ಲ ಮಾರಾಯ, ಅವನ ಪಾಲು ಅಂತ ಎಲ್ಲಿಂದ ಬಂತು? ತೋಟ ಉಳಿದ ಇಬ್ಬರು ಮಕ್ಕಳಿಗೆ, ಅತ್ತಿಗೆಗೆ ಏನಾದರೂ ಕೊಟ್ಟು ಕಳಿಸಿ." ಭಾವ ಹೇಳಿದ್ದು ಇನ್ನೊಂದು: ಮಕ್ಕಳು ಮೂವರು, ತೋಟ ಮೂರು ಪಾಲು, ಅಣ್ಣನ 48 ಗುಂಟೆ ಅವನ ಹೆಂಡತಿ ಮಗಳಿಗೆ. ಎರಡನೆಯದು ಕೇಳಲು ನ್ಯಾಯವಾಗಿಯೇ ಇದೆ. ನಾನೂ ಸರಿ ಅಂತಲೇ ಅಂದುಕೊಂಡಿದ್ದೆ. ಆದರೆ ಎರಡೂ ನಮ್ಮ ಮನೆಗೆ ಹೊಂದುವುದಿಲ್ಲ.

ದೊಡ್ಡಪ್ಪನ ಲೆಕ್ಕದಲ್ಲಿ ತಪ್ಪಿದ್ದು ಇಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಆಸ್ತಿ ವಾರಸುದಾರರಿಗೆ ಬರುವುದು ಪಾಲುಪಟ್ಟಿ ಆದ ದಿನ ಅಲ್ಲ, ಯಜಮಾನ ತೀರಿಕೊಂಡ ಗಳಿಗೆಯಲ್ಲೇ. ಖಾತೆ ಬದಲಾಗಲಿ ಬಿಡಲಿ, ಬೇಲಿ ಹಾಕಲಿ ಬಿಡಲಿ, 2014ರಲ್ಲೇ ಅಣ್ಣ ನಾಲ್ಕರಲ್ಲಿ ಒಂದು ಪಾಲಿಗೆ ಮಾಲೀಕ ಆಗಿದ್ದ. ತೋಟದಲ್ಲಿ ಯಾವ ಮೂಲೆ ಅವನದು ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ. ಹಾಗಾಗಿ ಅವನು ಹೋದಾಗ ಆ ಪಾಲು ಅಪ್ಪಯ್ಯನ ಆಸ್ತಿಗೆ ವಾಪಸ್ ಸೇರುವುದಿಲ್ಲ. ಅದು ಅಣ್ಣನದೇ ಆಸ್ತಿಯಾಗಿ ಅಣ್ಣನ ವಾರಸುದಾರರಿಗೆ ಹೋಗುತ್ತದೆ. ಅತ್ತಿಗೆ ನಾಳೆ ಬೇರೆ ಮದುವೆಯಾದರೆ ಪಾಲು ಹೋಗುತ್ತಲ್ವಾ ಅಂತಲೂ ಒಬ್ಬರು ಪಿಸುಗುಟ್ಟಿದರು. ಹೋಗುವುದಿಲ್ಲ. ಒಮ್ಮೆ ಬಂದದ್ದು ಬಂತು.

ಭಾವನ ಲೆಕ್ಕ ತಪ್ಪುವುದು ಅಮ್ಮನಿಂದ. ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಗಂಡಸು ತೀರಿಕೊಂಡರೆ ಅವನ ಮೊದಲ ದರ್ಜೆಯ ವಾರಸುದಾರರು ಹೆಂಡತಿ ಮಕ್ಕಳು ಮಾತ್ರ ಅಲ್ಲ, ಅವನ ತಾಯಿಯೂ ಹೌದು. ಹೆಂಡತಿಗೆ, ಪ್ರತಿ ಮಗುವಿಗೆ, ತಾಯಿಗೆ ಸಮ ಪಾಲು. ತಂದೆ ಆ ಪಟ್ಟಿಯಲ್ಲಿ ಇಲ್ಲ, ತಾಯಿ ಇದ್ದಾರೆ. ಅಣ್ಣ ಹೋದಾಗ ಅಮ್ಮ ಬದುಕಿದ್ದರು.

ನಾನು ಮಾಡಿದ ಕೆಲಸ ಇಷ್ಟೇ. ಮೂರು ಮರಣ ಪ್ರಮಾಣ ಪತ್ರ ತೆಗೆದು ತಾರೀಖಿನ ಪ್ರಕಾರ ಜೋಡಿಸಿದೆ. ಒಂದು ಸಾವಿಗೆ ಒಂದು ಹಾಳೆ. ಪ್ರತಿ ಹಾಳೆಯಲ್ಲೂ ಆ ದಿನ ಬದುಕಿದ್ದವರ ಹೆಸರು ಮಾತ್ರ. ಹಿಂದಿನ ಹಾಳೆಯಲ್ಲಿ ಬಂದ ಉತ್ತರ ಮುಂದಿನ ಹಾಳೆಗೆ ಹೋಗುತ್ತದೆ.

ಮೊದಲ ಹಾಳೆ, 2014. ಅಪ್ಪಯ್ಯನ 144 ಗುಂಟೆ. ಅಮ್ಮ, ಅಣ್ಣ, ಅಕ್ಕ, ನಾನು, ತಲಾ 36.

ಎರಡನೆಯ ಹಾಳೆ, 2018. ಇಲ್ಲಿ ಹಂಚುವುದು ತೋಟವನ್ನಲ್ಲ, ಅಣ್ಣನ 36 ಗುಂಟೆಯನ್ನು ಮಾತ್ರ. ಅತ್ತಿಗೆಗೆ 12, ಮಗಳಿಗೆ 12, ಅಮ್ಮನಿಗೆ 12. ನನಗೂ ಅಕ್ಕನಿಗೂ ಇದರಲ್ಲಿ ಏನೂ ಇಲ್ಲ. ಈಗ ಅಮ್ಮನ ಹತ್ತಿರ 36 ಮತ್ತು 12 ಸೇರಿ 48 ಆಯಿತು.

ಮೂರನೆಯ ಹಾಳೆ, 2021. ಅಮ್ಮನ 48 ಗುಂಟೆ. ಹೆಂಗಸಿನ ಆಸ್ತಿಗೆ ಇದೇ ಕಾಯ್ದೆಯಲ್ಲಿ ಬೇರೆ ಕಲಮು ಇದೆ, 15ನೆಯದು. ಮಕ್ಕಳಿಗೆ ಮತ್ತು ಗಂಡನಿಗೆ ಹೋಗುತ್ತದೆ, ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಮಕ್ಕಳಿಗೂ ಹೋಗುತ್ತದೆ. ಆದರೆ ಆ ಮಗನ ಹೆಂಡತಿ, ಅಂದರೆ ಸೊಸೆ, ಈ ಸಾಲಿನಲ್ಲಿ ಇಲ್ಲ. ಹಾಗಾಗಿ ಅಕ್ಕನಿಗೆ 16, ನನಗೆ 16, ಅಣ್ಣನ ಮಗಳಿಗೆ 16. ಅತ್ತಿಗೆಗೆ ಅಮ್ಮನ ಕಡೆಯಿಂದ ಏನೂ ಬರಲಿಲ್ಲ.

ಕೂಡಿದರೆ ಅಕ್ಕ 52, ನಾನು 52, ಅಣ್ಣನ ಮಗಳು 28, ಅತ್ತಿಗೆ 12. ಒಟ್ಟು 144. ಎಲ್ಲ ಪಾಲು ಕೂಡಿ ಮೊದಲಿನ ಮೊತ್ತ ಬರದಿದ್ದರೆ ಯಾವುದೋ ಹಾಳೆಯಲ್ಲಿ ಯಾರೋ ಬಿಟ್ಟುಹೋಗಿದ್ದಾರೆ ಅಥವಾ ಎರಡು ಸಲ ಸೇರಿದ್ದಾರೆ ಅಂತ ಅರ್ಥ.

ಅತ್ತಿಗೆಗೆ ಇದು ಬೇಸರ ತಂದಿತು, ತರಬೇಕಾದದ್ದೇ. ಭಾವನ ಲೆಕ್ಕದಲ್ಲಿ ಅವರಿಗೆ 24 ಬರುತ್ತಿತ್ತು, ಇಲ್ಲಿ 12. ಮಗಳ ಜೊತೆಗೆ ನನಗೂ ಅಕ್ಕನಿಗೂ ಲಾಭ ಆಯಿತು, ಹಾಗಾಗಿ ಅವರು ನನ್ನನ್ನು ಅನುಮಾನದಿಂದ ನೋಡಿದ್ದರಲ್ಲೂ ತಪ್ಪಿಲ್ಲ. ಹಾಳೆಗಳನ್ನು ಅವರ ಕೈಗೇ ಕೊಟ್ಟೆ, ಶಿವಮೊಗ್ಗದಲ್ಲಿ ಅವರಿಗೆ ಬೇಕಾದ ವಕೀಲರ ಹತ್ತಿರ ತೋರಿಸಿ ಅಂದೆ. ತೋರಿಸಿದರು. ಅವರೂ ಅದೇ ಅಂಕಿ ಹೇಳಿದರು.

ತಾರೀಖು ಎಷ್ಟು ಮುಖ್ಯ ಅಂತ ಅತ್ತಿಗೆಗೆ ತಿಳಿಸಲು ಇನ್ನೆರಡು ಲೆಕ್ಕ ಹಾಕಿ ತೋರಿಸಿದ್ದೆ. ಸಾವುಗಳು ಅವೇ ಮೂರು, ಹಿಂದುಮುಂದು ಮಾತ್ರ ಬೇರೆ. ಅಪ್ಪಯ್ಯನಿಗಿಂತ ಮೊದಲೇ ಅಣ್ಣ ಹೋಗಿದ್ದರೆ, ಅಪ್ಪಯ್ಯ ಹೋದಾಗ ಅಣ್ಣನ ಕವಲಿಗೆ ಒಟ್ಟಿಗೆ 36 ಬಂದು ಅದು ಅತ್ತಿಗೆ ಮತ್ತು ಮಗಳಿಗೆ 18, 18 ಆಗುತ್ತಿತ್ತು, ಅದರಲ್ಲಿ ಅಮ್ಮನಿಗೆ ಕೈ ಹಾಕಲು ಜಾಗವೇ ಇರಲಿಲ್ಲ. ಆಮೇಲೆ ಅಮ್ಮನ 36ರಲ್ಲಿ ಮಗಳಿಗೆ ಮತ್ತೆ 12. ಅತ್ತಿಗೆ 18, ಮಗಳು 30. ಇನ್ನು ಅಮ್ಮ ಎಲ್ಲರಿಗಿಂತ ಮೊದಲು ಹೋಗಿದ್ದರೆ? ಆಗ ಭಾವನ ಲೆಕ್ಕ ಸರಿ, ಮೂರು ಮಕ್ಕಳಿಗೆ ತಲಾ 48, ಅಣ್ಣನದರಲ್ಲಿ ಅತ್ತಿಗೆಗೆ 24.

ಇಬ್ಬರು ಒಂದೇ ಅಪಘಾತದಲ್ಲಿ ಹೋಗಿ ಯಾರು ಮೊದಲು ಅಂತ ಗೊತ್ತಾಗದಿದ್ದರೆ, ಬೇರೆ ಸಾಕ್ಷಿ ಸಿಗುವ ತನಕ ಚಿಕ್ಕವರು ದೊಡ್ಡವರಿಗಿಂತ ಆಮೇಲೆ ಹೋದರು ಅಂತ ಕಾಯ್ದೆ ಇಟ್ಟುಕೊಳ್ಳುತ್ತದೆ. ನಮಗೆ ಅದು ಬೇಕಾಗಲಿಲ್ಲ.

ಕಾಗದದ ಕೆಲಸದಲ್ಲಿ ತೊಡಕು ಬಂದದ್ದು ವಂಶವೃಕ್ಷದಲ್ಲಿ. ಅಣ್ಣನ ಕಚೇರಿಯಿಂದ ಬರಬೇಕಾದ ದುಡ್ಡಿಗಾಗಿ ಮೊದಲೇ ಒಂದು ವಂಶವೃಕ್ಷ ಮಾಡಿಸಿದ್ದರು, ಅದರಲ್ಲಿ ಹೆಂಡತಿ ಮತ್ತು ಮಗಳು ಮಾತ್ರ ಇದ್ದರು. ಅಮ್ಮನ ಹೆಸರೇ ಇಲ್ಲ. ಬೇಕೆಂದು ಬಿಟ್ಟದ್ದಲ್ಲ, ಬರೆದವರು ಕೇಳಲಿಲ್ಲ, ಇವರು ಹೇಳಲಿಲ್ಲ. ಇನ್ನೊಂದು, ಅಪ್ಪಯ್ಯನ ಹೆಸರಿನ ವಂಶವೃಕ್ಷದಲ್ಲಿ ಅಣ್ಣನ ಮುಂದೆ ಸುಮ್ನೆ "ಮೃತ" ಅಂತ ಬರೆದಿದ್ದರು, ಯಾವಾಗ ಅಂತ ಇಲ್ಲ. ಹಾಗೆ ಬರೆದರೆ ಓದುವವರು ಅಪ್ಪನಿಗಿಂತ ಮೊದಲೇ ಹೋದವನು ಅಂತಲೂ ತಿಳಿಯಬಹುದು. ಹಾಗಾಗಿ ನಾಡಕಚೇರಿಗೆ ಹೊಸದಾಗಿ ಅರ್ಜಿ ಕೊಟ್ಟು, ಎಲ್ಲರ ಮುಂದೆ ಮರಣದ ತಾರೀಖು ಬರೆಸಿ, ಗ್ರಾಮ ಆಡಳಿತ ಅಧಿಕಾರಿಯ ಎದುರು ಎಲ್ಲರೂ ಹೇಳಿಕೆ ಕೊಟ್ಟೆವು. ಅದರ ಮೇಲೆ ಪೌತಿ ಖಾತೆಗೆ ಹಾಕಿದೆವು. ಪಹಣಿಯಲ್ಲಿ ನಾಲ್ವರ ಹೆಸರು ಜಂಟಿಯಾಗಿ ಬಂತು. ಜಂಟಿ ಖಾತೆಯಲ್ಲಿ ನಾಲ್ಕು ಹೆಸರು ಇದ್ದ ಮಾತ್ರಕ್ಕೆ ನಾಲ್ಕು ಸಮ ಪಾಲು ಅಂತ ತಿಳಿಯಬೇಡಿ. ಪಹಣಿ ಕಂದಾಯದ ದಾಖಲೆ, ಪಾಲು ಎಷ್ಟು ಅನ್ನುವುದನ್ನು ಹುಟ್ಟಿಸುವುದು ಅದಲ್ಲ.

ಆಮೇಲೆ ಸರ್ವೆಯವರಿಂದ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಣಿ ಮಾಡಿಸಿದೆವು. ಪತ್ರದ ಮೊದಲ ಪುಟದಲ್ಲೇ ಮೂರೂ ಸಾವು, ತಾರೀಖು, ಆಯಾ ದಿನ ಯಾರಿಗೆ ಎಷ್ಟು ಬಂತು ಅನ್ನುವುದನ್ನು ಬರೆಸಿದೆ. ಪತ್ರ ಬರೆಯುವವರು ಇಷ್ಟೆಲ್ಲ ಯಾಕೆ ಅಂದರು. ಮುಂದೆ ತೋಟ ಕೊಳ್ಳುವವರ ವಕೀಲ ಮೊದಲು ಕೇಳುವುದು ಇದನ್ನೇ, ಅದಕ್ಕೆ.

12 ಗುಂಟೆ ತೋಟ ಬೇರೆ ಮಾಡಿ ಯಾರಿಗೂ ಉಪಯೋಗ ಇಲ್ಲ, ನೀರಿನ ಕಾಲುವೆ, ದಾರಿ ಎಲ್ಲಿ ತೆಗೆಯುವುದು? ಅದಕ್ಕೆ ಅತ್ತಿಗೆ ಮತ್ತು ಮಗಳ ಪಾಲನ್ನು ಸೇರಿಸಿ ರಸ್ತೆ ಬದಿಗೆ ಸರಿಯಾಗಿ 1 ಎಕರೆ ಕೊಟ್ಟೆವು. ಆದರೆ ಪತ್ರದಲ್ಲಿ 12 ಮತ್ತು 28 ಅಂತ ಬೇರೆ ಬೇರೆ ಬರೆಸಿದ್ದೇವೆ. ಹುಡುಗಿಗೆ ಇನ್ನೂ 18 ತುಂಬಿಲ್ಲ. ಅವಳ 28 ಗುಂಟೆಯನ್ನು ಮಾರಬೇಕಾದರೆ ತಾಯಿಯೇ ಆದರೂ ಮೊದಲು ನ್ಯಾಯಾಲಯದ ಅನುಮತಿ ತಗೊಳ್ಳಬೇಕು. ಅನುಮತಿ ಇಲ್ಲದೆ ಮಾರಿದರೆ ಅವಳು 18 ತುಂಬಿದ ಮೇಲೆ 3 ವರ್ಷದೊಳಗೆ ಅದನ್ನು ರದ್ದು ಮಾಡಿಸಬಹುದು. ಅತ್ತಿಗೆಯ 12ಕ್ಕೆ ಆ ಕಟ್ಟು ಇಲ್ಲ. ಯಾವುದು ಯಾರದು ಅಂತ ಕಾಗದದಲ್ಲಿ ಇರದಿದ್ದರೆ ಎರಡಕ್ಕೂ ಅದೇ ಕಟ್ಟು ಬೀಳುತ್ತಿತ್ತು. ಅವಳಿಗೆ ಸ್ವಲ್ಪ ಜಾಸ್ತಿ ಹೋದರೆ ಯಾರೂ ಕೇಳುವುದಿಲ್ಲ, ಕಡಿಮೆ ಮಾತ್ರ ಆಗಬಾರದು ಅಂತ ಅಳತೆಯ ದಿನ ನಾನೇ ಸರ್ವೆಯವರ ಹಿಂದೆ ನಿಂತಿದ್ದೆ. ಸೊಪ್ಪಿನ ಬೆಟ್ಟವನ್ನು ಪಾಲಿಗೆ ಹಾಕಲಿಲ್ಲ, ಅದು ಸರ್ಕಾರದ್ದು, ನಮಗೆ ಇರುವುದು ಸೊಪ್ಪು ದರಗು ತರುವ ಹಕ್ಕಷ್ಟೇ.

ಈ ಲೆಕ್ಕ ಎಲ್ಲರ ಮನೆಗೂ ಕೂಡುವುದಿಲ್ಲ. ಆಸ್ತಿ ಪಿತ್ರಾರ್ಜಿತ ಆಗಿದ್ದರೆ ಮೊದಲ ಹಾಳೆಯೇ ಬೇರೆ. ಅಮ್ಮ ತಮ್ಮ 48ಕ್ಕೆ ವಿಲ್ ಬರೆದಿದ್ದರೆ ಮೂರನೆಯ ಹಾಳೆ ಬೇರೆ, ಅವರು ಬರೆಯಬಹುದಿತ್ತು, ಅದು ಪೂರ್ತಿ ಅವರದೇ ಆಗಿತ್ತು. ಅಣ್ಣನ ಜಾಗದಲ್ಲಿ ಅಕ್ಕ ಹೋಗಿದ್ದರೆ ಅವಳ 36 ಅವಳ ಗಂಡ ಮತ್ತು ಮಕ್ಕಳಿಗೆ ಹೋಗುತ್ತಿತ್ತು, ಅಮ್ಮನಿಗೆ ಇಲ್ಲ. ಅವಳಿಗೆ ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ ಅಪ್ಪನಿಂದ ಬಂದ ಆ ಪಾಲು ಭಾವನಿಗೆ ಹೋಗದೆ ಅಪ್ಪಯ್ಯನ ವಾರಸುದಾರರಿಗೆ ತಿರುಗಿ ಬರುತ್ತಿತ್ತು. ಇದನ್ನು ಹೇಳಿದಾಗ ಭಾವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಉಳಿದದ್ದು ಫಸಲಿನ ಲೆಕ್ಕ. 2014ರಿಂದ ತೋಟ ನೋಡಿಕೊಂಡವನು ನಾನು. ಔಷಧಿ ಹೊಡೆಸಿದ್ದು, ಕೊನೆ ತೆಗೆಸಿದ್ದು, ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದ್ದು ಎಲ್ಲ ನನ್ನ ಕೈಯಲ್ಲೇ. ಖರ್ಚು ಕಳೆದು ಉಳಿದ ದುಡ್ಡಿಗೂ ಇದೇ ತಾರೀಖುಗಳು ಹೊಂದುತ್ತವೆ: 2018ರ ತನಕ ನಾಲ್ಕು ಪಾಲು, ಆಮೇಲೆ ಅಣ್ಣನದರಲ್ಲಿ ಮೂರು ಪಾಲು, 2021ರ ನಂತರ ಮೇಲಿನ ಅಂಕಿಗಳ ಪ್ರಕಾರ. ಮಂಡಿ ಚೀಟಿಗಳು ಇದ್ದದ್ದರಿಂದ ಜಮೆ ಬಗ್ಗೆ ತಕರಾರು ಬರಲಿಲ್ಲ. ಖರ್ಚಿನಲ್ಲಿ ನನ್ನ ಸ್ವಂತ ದುಡಿಮೆಗೆ ಕೂಲಿ ಹಿಡಿದದ್ದನ್ನು ಅತ್ತಿಗೆ ಒಪ್ಪಿದರು, ಅಕ್ಕ ಇನ್ನೂ ಒಪ್ಪಿಲ್ಲ.