ಬಿಲ್ ಹಣ ಬರುವ ಮೊದಲೇ ಕೈಗೆ: ಫ್ಯಾಕ್ಟರಿಂಗ್ ಸರಿಯೋ, ಬಿಲ್ ಡಿಸ್ಕೌಂಟಿಂಗ್ ಸರಿಯೋ?

ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕೈದು ಲೇತ್ ಇಟ್ಟುಕೊಂಡಿರುವ ಒಂದು ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಪಂಪ್ ತಯಾರಿಸುವ ದೊಡ್ಡ ಕಂಪನಿಯೊಂದಕ್ಕೆ ಶಾಫ್ಟ್ ಮಾಡಿಕೊಡುತ್ತದೆ. ಏಪ್ರಿಲ್ 5ರಂದು ಮಾಲು ಕಳುಹಿಸಿ ಬಿಲ್ ಹಾಕಿದೆ. ಮಾಲಿನ ಬೆಲೆ 10 ಲಕ್ಷ, ಶೇ 18ರ ಜಿಎಸ್‌ಟಿ ಸೇರಿ 11.80 ಲಕ್ಷ ರೂಪಾಯಿ. ಹಣ ಬರುವುದು 90 ದಿನಗಳ ನಂತರ, ಅಂದರೆ ಜುಲೈ 4ಕ್ಕೆ. ಆದರೆ ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಆ ಬಿಲ್‌ನ ಜಿಎಸ್‌ಟಿಯನ್ನು ಮೇ 20ರೊಳಗೆ ಕಟ್ಟಬೇಕು. ಗಿರಾಕಿಯಿಂದ ಇನ್ನೂ ಬಾರದ ತೆರಿಗೆಯನ್ನು ಕೈಯಿಂದ ಕಟ್ಟುವ ಈ ಒಂದೂವರೆ ತಿಂಗಳಿನಲ್ಲೇ ಸಣ್ಣ ಘಟಕಗಳ ಉಸಿರು ಕಟ್ಟುತ್ತದೆ.

ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರಿ ಬಾಕಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳುವ ಧೈರ್ಯ ಎಷ್ಟು ಜನರಿಗಿದೆ? ಹಾಗಾಗಿ ಬಿಲ್ಲನ್ನೇ ಹಣ ಮಾಡಿಕೊಳ್ಳುವ ದಾರಿಗಳ ಕಡೆಗೆ ನೋಡಬೇಕಾಗುತ್ತದೆ.

ಮೊದಲು ಎರಡು ಪ್ರಶ್ನೆ

ಬ್ಯಾಂಕಿನವರ ಎದುರು ಕುಳಿತಾಗ ಹೆಚ್ಚಿನವರು ಮೊದಲು ಕೇಳುವುದು ಬಡ್ಡಿ ದರವನ್ನು. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಮೊದಲು ಕೇಳಬೇಕಾದದ್ದು: ಗಿರಾಕಿಯಿಂದ ಹಣ ವಸೂಲು ಮಾಡುವವರು ಯಾರು? ಗಿರಾಕಿ ಕೈ ಎತ್ತಿದರೆ ನಷ್ಟ ಯಾರ ತಲೆಗೆ?

ಬಿಲ್ ಡಿಸ್ಕೌಂಟಿಂಗ್‌ನಲ್ಲಿ ಎರಡೂ ಸಾಮಾನ್ಯವಾಗಿ ನಿಮ್ಮದೇ ಹೊಣೆ. ಬಿಲ್ ಆಧಾರದ ಮೇಲೆ ಬ್ಯಾಂಕ್ ನಿಮಗೆ ಮುಂಗಡ ಕೊಡುತ್ತದೆ. ಬಾಕಿ ಕೇಳುವವರು ನೀವೇ, ಲೆಕ್ಕ ಇಡುವವರೂ ನೀವೇ. ಗಡುವು ಮೀರಿ ಹಣ ಬಾರದಿದ್ದರೆ ಬ್ಯಾಂಕ್ ನಿಮ್ಮ ಖಾತೆಯಿಂದ ಕಡಿತ ಮಾಡಿಕೊಳ್ಳುತ್ತದೆ. ಇದನ್ನೇ ಬ್ಯಾಂಕಿನವರು ‘ವಿತ್ ರಿಕೋರ್ಸ್’ ಎನ್ನುತ್ತಾರೆ.

ಫ್ಯಾಕ್ಟರಿಂಗ್‌ನಲ್ಲಿ ನೀವು ಬಾಕಿಯ ಹಕ್ಕನ್ನೇ ಫ್ಯಾಕ್ಟರ್ ಕಂಪನಿಗೆ ವರ್ಗಾಯಿಸುತ್ತೀರಿ. ‘ಇನ್ನು ಮುಂದೆ ಹಣವನ್ನು ಇವರಿಗೆ ಕೊಡಿ’ ಎಂದು ಗಿರಾಕಿಗೆ ಲಿಖಿತ ನೋಟಿಸ್ ಹೋಗುತ್ತದೆ. ಗಿರಾಕಿಗಳ ಲೆಕ್ಕ ಇಡುವುದು, ನೆನಪಿಸುವುದು, ವಸೂಲು ಮಾಡುವುದು ಫ್ಯಾಕ್ಟರ್ ಕೆಲಸ. ನಷ್ಟದ ಹೊಣೆ ಮಾತ್ರ ಒಪ್ಪಂದವನ್ನು ಅವಲಂಬಿಸಿದೆ. ಫ್ಯಾಕ್ಟರಿಂಗ್ ಎಂದ ಮಾತ್ರಕ್ಕೆ ನಷ್ಟ ಅವರದ್ದೇ ಎಂದು ನಂಬಿ ಸಹಿ ಹಾಕಬೇಡಿ. ರಿಕೋರ್ಸ್ ಉಳಿಸಿಕೊಂಡ ಫ್ಯಾಕ್ಟರಿಂಗ್ ಒಪ್ಪಂದಗಳು ಧಾರಾಳವಾಗಿವೆ. 1991ರಲ್ಲಿ ಶುರುವಾದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕ್ಯಾನ್‌ಬ್ಯಾಂಕ್ ಫ್ಯಾಕ್ಟರ್ಸ್ ನಮ್ಮ ದೇಶದ ಮೊದಲ ಫ್ಯಾಕ್ಟರಿಂಗ್ ಸಂಸ್ಥೆಗಳಲ್ಲಿ ಒಂದು. ಈ ವ್ಯವಹಾರಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂದದ್ದು ಮಾತ್ರ 2011ರಲ್ಲಿ.

ಲೆಕ್ಕ ಹಾಕಿ ನೋಡೋಣ

ನಮ್ಮ 11.80 ಲಕ್ಷದ ಬಿಲ್‌ಗೆ ಎರಡೂ ಕಡೆ ಶೇ 80ರಷ್ಟು, ಅಂದರೆ 9.44 ಲಕ್ಷ ರೂಪಾಯಿ ಮುಂಗಡ ಸಿಗುತ್ತದೆ, ಬಡ್ಡಿ ವರ್ಷಕ್ಕೆ ಶೇ 12 ಎಂದು ಇಟ್ಟುಕೊಳ್ಳಿ. ನಿಮಗೆ ಸಿಗುವ ದರ ಬೇರೆಯೇ ಇರಬಹುದು, ಲೆಕ್ಕದ ದಾರಿ ಇದೇ. 90 ದಿನಗಳ ಬಡ್ಡಿ 27,932 ರೂಪಾಯಿ. ಡಿಸ್ಕೌಂಟಿಂಗ್ ಆದರೆ ಬ್ಯಾಂಕಿನ ಸಣ್ಣಪುಟ್ಟ ಶುಲ್ಕ ಬಿಟ್ಟು ಖರ್ಚು ಇಷ್ಟೇ. ಫ್ಯಾಕ್ಟರ್ ಆದರೆ ಇದರ ಮೇಲೆ ಸೇವಾ ಶುಲ್ಕ ಸೇರುತ್ತದೆ. ಪೂರ್ತಿ ಬಿಲ್ ಮೊತ್ತದ ಮೇಲೆ ಶೇ 1 ಎಂದರೂ 11,800 ರೂಪಾಯಿ. ಈ ಶುಲ್ಕದ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದಾದ್ದರಿಂದ ಅದನ್ನು ಖರ್ಚಿಗೆ ಸೇರಿಸಿಲ್ಲ. ಒಟ್ಟು 39,732 ರೂಪಾಯಿ.

ಈ 11,800 ರೂಪಾಯಿಗೆ ಪ್ರತಿಯಾಗಿ ಸಿಗುವುದೇನು ಎಂಬುದರ ಮೇಲೆ ತೀರ್ಮಾನ ನಿಂತಿದೆ. ಫ್ಯಾಕ್ಟರ್ ಕಂಪನಿಗಳು ಸಾಮಾನ್ಯವಾಗಿ ಒಬ್ಬ ಗಿರಾಕಿಯ ಎಲ್ಲ ಬಿಲ್‌ಗಳನ್ನೂ ತಮಗೇ ಕೊಡಬೇಕೆಂದು ಕೇಳುತ್ತವೆ. ತಿಂಗಳಿಗೆ ಇಂಥ ಒಂದು ಬಿಲ್ ಎಂದರೆ ವರ್ಷಕ್ಕೆ 1,41,600 ರೂಪಾಯಿ ಶುಲ್ಕ. ಹತ್ತಾರು ಗಿರಾಕಿಗಳಿದ್ದು, ಮಾಲೀಕರು ಅರ್ಧ ದಿನವನ್ನು ಬಾಕಿ ಕೇಳುವ ಫೋನ್ ಕರೆಗಳಲ್ಲೇ ಕಳೆಯುತ್ತಿದ್ದರೆ ಈ ಹಣ ಸಾರ್ಥಕ. ಗಿರಾಕಿ ಒಬ್ಬನೇ, ವರ್ಷಕ್ಕೆ ಎರಡು ಮೂರು ಸಲ ಮಾತ್ರ ಹಣದ ಮುಗ್ಗಟ್ಟು ಎಂದಾದರೆ ಫ್ಯಾಕ್ಟರಿಂಗ್ ದುಬಾರಿ. ಬೇಕಾದಾಗ ಬೇಕಾದ ಬಿಲ್ಲನ್ನಷ್ಟೇ ಡಿಸ್ಕೌಂಟ್ ಮಾಡಿಸಿಕೊಳ್ಳುವುದು ಮೇಲು.

ಗಿರಾಕಿ 40 ದಿನ ತಡ ಮಾಡಿದರೆ? ರಿಕೋರ್ಸ್ ಇರುವ ಯಾವುದೇ ವ್ಯವಸ್ಥೆಯಲ್ಲಿ ಇನ್ನೂ 12,414 ರೂಪಾಯಿ ಬಡ್ಡಿ ನಿಮ್ಮ ಮೇಲೆ ಬೀಳುತ್ತದೆ. ಗಡುವಿನ ನಂತರ ದಂಡದ ಶುಲ್ಕವೂ ಸೇರುವುದುಂಟು. ಆದ್ದರಿಂದ ಲೆಕ್ಕ ಹಾಕುವಾಗ ಪರ್ಚೇಸ್ ಆರ್ಡರ್, ಅಂದರೆ ಪಿಒದಲ್ಲಿ ಬರೆದ ದಿನಗಳನ್ನು ನಂಬಬೇಡಿ. ಹಿಂದಿನ ವರ್ಷ ಅದೇ ಗಿರಾಕಿ ನಿಜವಾಗಿ ಎಷ್ಟು ದಿನಕ್ಕೆ ಹಣ ಹಾಕಿದರು ಎಂಬುದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ತೆಗೆಯಿರಿ.

ಅರ್ಜಿಗೆ ಮೊದಲು ನೋಡಬೇಕಾದ ಕಾಗದಗಳು

ಮೊದಲನೆಯದು ಪರ್ಚೇಸ್ ಆರ್ಡರ್. ಅದರ ಹಿಂಬದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಇರುವ ಷರತ್ತುಗಳನ್ನು ಓದಿ. ‘ಲಿಖಿತ ಒಪ್ಪಿಗೆ ಇಲ್ಲದೆ ಈ ಆರ್ಡರ್‌ನ ಹಕ್ಕುಗಳನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ’ ಎಂಬ ಸಾಲು ದೊಡ್ಡ ಕಂಪನಿಗಳ ಆರ್ಡರ್‌ಗಳಲ್ಲಿ ಸಾಮಾನ್ಯ. ಅದಿದ್ದರೆ ಫ್ಯಾಕ್ಟರ್ ಬಳಿ ಹೋಗುವ ಮೊದಲೇ ಗಿರಾಕಿಯ ಅಕೌಂಟ್ಸ್ ವಿಭಾಗದಿಂದ ಒಪ್ಪಿಗೆ ಪತ್ರ ತರಬೇಕು.

ಎರಡನೆಯದು ಮಾಲು ತಲುಪಿದ್ದಕ್ಕೆ ಪುರಾವೆ. ಬಿಲ್, ಇ-ವೇ ಬಿಲ್, ಡೆಲಿವರಿ ಚಲನ್ ಇದ್ದರೆ ಸಾಲದು, ಗಿರಾಕಿಯ ಸ್ಟೋರ್ಸ್ ಮಾಲು ಸ್ವೀಕರಿಸಿದ್ದಕ್ಕೆ ಕೊಡುವ ಜಿಆರ್‌ಎನ್ ಎಂಬ ಚೀಟಿ ಬೇಕು. ಮಾಲು ಗೇಟ್ ಒಳಗೆ ಹೋದದ್ದಕ್ಕೂ ತಪಾಸಣೆಯಲ್ಲಿ ಪಾಸಾದದ್ದಕ್ಕೂ ವ್ಯತ್ಯಾಸವಿದೆ. ಗೇಟ್ ಮುದ್ರೆ ಮಾತ್ರ ಇರುವ ಚಲನ್ ಹಿಡಿದುಕೊಂಡು ಹೋದರೆ ಮುಂಗಡ ಸಿಗುವುದು ಕಷ್ಟ.

ಮೂರನೆಯದನ್ನೇ ಹೆಚ್ಚು ಜನ ಮರೆಯುವುದು. ನಿಮಗೆ ಈಗಾಗಲೇ ಬ್ಯಾಂಕಿನಲ್ಲಿ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಖಾತೆ ಇದ್ದರೆ, ಅದಕ್ಕೆ ದಾಸ್ತಾನಿನ ಜೊತೆಗೆ ಗಿರಾಕಿಗಳ ಬಾಕಿಯೂ ಅಡಮಾನವಾಗಿರುತ್ತದೆ. ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಈ 11.80 ಲಕ್ಷವೂ ಸೇರಿ ನಿಮ್ಮ ಡ್ರಾಯಿಂಗ್ ಪವರ್, ಅಂದರೆ ಆ ಖಾತೆಯಿಂದ ತೆಗೆಯಬಹುದಾದ ಸಾಲದ ಮಿತಿ, ನಿರ್ಧಾರವಾಗಿದೆ. ಅದೇ ಬಿಲ್ಲನ್ನು ಇನ್ನೊಂದು ಕಡೆ ಕೊಟ್ಟು ಹಣ ಪಡೆದರೆ ಒಂದೇ ಬಾಕಿಯ ಮೇಲೆ ಎರಡು ಸಾಲ ಆಗುತ್ತದೆ. ಗೊತ್ತಿಲ್ಲದೆ ಮಾಡಿದರೂ ಬ್ಯಾಂಕ್ ಇದನ್ನು ವಂಚನೆಯ ಕಣ್ಣಿನಿಂದ ನೋಡಬಹುದು. ಬಾಕಿ ವರ್ಗಾವಣೆಗಳು ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ದಾಖಲಾಗುವುದರಿಂದ ಮುಚ್ಚಿಡಲೂ ಆಗುವುದಿಲ್ಲ. ಮೊದಲೇ ಬ್ಯಾಂಕಿನಿಂದ ಎನ್‌ಒಸಿ ಪಡೆಯಿರಿ, ವರ್ಗಾಯಿಸಿದ ಬಿಲ್ಲನ್ನು ಆ ತಿಂಗಳ ಸ್ಟೇಟ್‌ಮೆಂಟ್‌ನಿಂದ ತೆಗೆದುಬಿಡಿ. ಹಾಗೆ ತೆಗೆದಾಗ ಡ್ರಾಯಿಂಗ್ ಪವರ್ ತಗ್ಗುತ್ತದೆ. ಹಾಗಾಗಿ ಕೈಗೆ ಬರುವ 9.44 ಲಕ್ಷ ಪೂರ್ತಿ ಹೊಸ ಹಣವಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ರಿಜೆಕ್ಷನ್ ಬಂದರೆ

ಹತ್ತರಲ್ಲಿ ಒಂದು ಶಾಫ್ಟ್‌ನ ಅಳತೆ ತಪ್ಪಿದೆ ಎಂದು ಗಿರಾಕಿ 1.18 ಲಕ್ಷಕ್ಕೆ ಡೆಬಿಟ್ ನೋಟ್ ಕಳುಹಿಸಿದರು ಎನ್ನಿ. ‘ನನ್ನದು ರಿಕೋರ್ಸ್ ಇಲ್ಲದ ಫ್ಯಾಕ್ಟರಿಂಗ್, ನಷ್ಟ ಅವರದ್ದು’ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಫ್ಯಾಕ್ಟರ್ ಹೊರುವುದು ಗಿರಾಕಿ ದಿವಾಳಿಯಾಗುವ, ಹಣ ಕೊಡಲಾರದೆ ಹೋಗುವ ಅಪಾಯವನ್ನು ಮಾತ್ರ. ಮಾಲಿನ ಗುಣಮಟ್ಟ, ಸಂಖ್ಯೆ, ಬೆಲೆಯ ತಕರಾರು ಯಾವತ್ತೂ ನಿಮ್ಮದೇ. ಶೇ 20ರಷ್ಟು, ಅಂದರೆ 2.36 ಲಕ್ಷವನ್ನು ಅವರು ಹಿಡಿದಿಟ್ಟುಕೊಳ್ಳುವುದು ಇದಕ್ಕಾಗಿಯೇ. ಡೆಬಿಟ್ ನೋಟ್ ಮೊತ್ತ ಅದರಲ್ಲಿ ಕಳೆದು ಮಿಕ್ಕ 1.18 ಲಕ್ಷ ನಿಮಗೆ ಬರುತ್ತದೆ. ಬಡ್ಡಿ, ಶುಲ್ಕವನ್ನು ಮೊದಲೇ ಹಿಡಿದಿರದಿದ್ದರೆ ಅವೂ ಇದರಲ್ಲೇ ಕಡಿತವಾಗುತ್ತವೆ. ಪದೇ ಪದೇ ರಿಜೆಕ್ಷನ್ ಬರುವ ಕೆಲಸಕ್ಕೆ ಫ್ಯಾಕ್ಟರ್ ಮುಂಗಡದ ಪ್ರಮಾಣವನ್ನೇ ಇಳಿಸುತ್ತಾರೆ. ತಕರಾರು ಬಂದ ದಿನವೇ ಫ್ಯಾಕ್ಟರ್‌ಗೆ ತಿಳಿಸಿ. ಗಡುವಿನ ದಿನ ಗಿರಾಕಿಯ ಬಾಯಿಂದ ಅವರಿಗೆ ಗೊತ್ತಾಗುವುದು ನಿಮಗೆ ಒಳ್ಳೆಯದಲ್ಲ.

ಟ್ರೆಡ್ಸ್ ಎಂಬ ದಾರಿ

ಗಿರಾಕಿ ದೊಡ್ಡ ಕಂಪನಿಯೋ ಕೇಂದ್ರ ಸರ್ಕಾರದ ಉದ್ಯಮವೋ ಆಗಿದ್ದರೆ ಮೊದಲು ಪ್ರಯತ್ನಿಸಬೇಕಾದದ್ದು ಟ್ರೆಡ್ಸ್. ಇದು ರಿಸರ್ವ್ ಬ್ಯಾಂಕಿನ ಅನುಮತಿಯಲ್ಲಿ ನಡೆಯುವ ಆನ್‌ಲೈನ್ ವೇದಿಕೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇವುಗಳಲ್ಲಿ ಮುಖ್ಯವಾದವು. ಉದ್ಯಮ್ ನೋಂದಣಿ ಪತ್ರ, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಕೊಟ್ಟು ಸೇರಬೇಕು. ನೀವು ಬಿಲ್ ಅಪ್‌ಲೋಡ್ ಮಾಡುತ್ತೀರಿ, ಗಿರಾಕಿ ಅಲ್ಲಿಯೇ ಒಪ್ಪಿಗೆ ಕೊಡುತ್ತಾರೆ, ಬ್ಯಾಂಕುಗಳು ಮತ್ತು ಫ್ಯಾಕ್ಟರ್‌ಗಳು ಪೈಪೋಟಿಯಲ್ಲಿ ದರ ಕೂಗುತ್ತವೆ. ಬೇಕಾದ ದರವನ್ನು ನೀವು ಆರಿಸಿಕೊಂಡ ಮೇಲೆ ಒಂದೆರಡು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಬರುತ್ತದೆ. ಗಡುವಿನ ದಿನ ಗಿರಾಕಿಯ ಖಾತೆಯಿಂದ ನೇರವಾಗಿ ಹಣ ಹೋಗುತ್ತದೆ. ಗಿರಾಕಿ ಕೊಡದಿದ್ದರೂ ನಿಮ್ಮಿಂದ ವಾಪಸ್ ಕೇಳುವಂತಿಲ್ಲ, ಇಲ್ಲಿ ರಿಕೋರ್ಸ್ ಇಲ್ಲ.

ಇಲ್ಲಿ ಬ್ಯಾಂಕುಗಳು ಅಳೆಯುವುದು ದೊಡ್ಡ ಗಿರಾಕಿಯ ಸಾಮರ್ಥ್ಯವನ್ನು, ನಿಮ್ಮದನ್ನಲ್ಲ. ಹಾಗಾಗಿ ದರ ತಗ್ಗುತ್ತದೆ. ಒಪ್ಪಿದ ಮೊತ್ತ ಪೂರ್ತಿ 11.80 ಲಕ್ಷವಾಗಿದ್ದು ದರ ಶೇ 9 ಎಂದುಕೊಂಡರೆ 90 ದಿನಕ್ಕೆ 26,186 ರೂಪಾಯಿ ಕಳೆದು ಉಳಿದದ್ದೆಲ್ಲ ಒಮ್ಮೆಗೇ ಕೈಗೆ ಬರುತ್ತದೆ. ವೇದಿಕೆಯ ಶುಲ್ಕ ಪ್ರತ್ಯೇಕ. ಶೇ 80ರ ಮೇಲೆ ಬ್ಯಾಂಕಿಗೆ ಕೊಟ್ಟ ಬಡ್ಡಿಗಿಂತಲೂ ಇದು ಕಡಿಮೆ.

ಒಂದೇ ಕೊರತೆ, ಗಿರಾಕಿ ಒಪ್ಪಿಗೆಯ ಗುಂಡಿ ಒತ್ತದಿದ್ದರೆ ಏನೂ ನಡೆಯುವುದಿಲ್ಲ. ವಾರ್ಷಿಕ ವಹಿವಾಟು 250 ಕೋಟಿ ರೂಪಾಯಿ ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್ ಸೇರಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ಅದಕ್ಕೂ ಮೊದಲು ಈ ಮಿತಿ 500 ಕೋಟಿ ಇತ್ತು. ಸೇರುವುದು ಕಡ್ಡಾಯ, ಆದರೆ ನಿಮ್ಮ ಬಿಲ್‌ಗೆ ಒಪ್ಪಿಗೆ ಕೊಡಿಸುವ ಕೆಲಸ ನಿಮ್ಮದೇ. ಮುಂದಿನ ಆರ್ಡರ್ ದರ ಮಾತಾಡುವಾಗಲೇ, ಜಿಆರ್‌ಎನ್ ಆದ ಇಷ್ಟು ದಿನದೊಳಗೆ ವೇದಿಕೆಯಲ್ಲಿ ಒಪ್ಪಿಗೆ ಕೊಡುತ್ತೇವೆ ಎಂಬ ಸಾಲನ್ನು ಪಿಒದಲ್ಲಿ ಬರೆಸಿಕೊಳ್ಳಿ. ಬಡ್ಡಿಯನ್ನು ಗಿರಾಕಿಯೇ ಹೊರುವ ಅವಕಾಶವೂ ಈ ವೇದಿಕೆಯಲ್ಲಿದೆ, ಅದನ್ನೂ ಆಗಲೇ ಕೇಳಿ.

ಹಣ ತಪ್ಪು ಖಾತೆಗೆ ಬಂದಾಗ

ಫ್ಯಾಕ್ಟರ್‌ಗೆ ಬಿಲ್ ಕೊಟ್ಟ ಮೇಲೂ ಗಿರಾಕಿಯ ಗುಮಾಸ್ತರು ಹಳೆಯ ಅಭ್ಯಾಸದಂತೆ ನಿಮ್ಮ ಚಾಲ್ತಿ ಖಾತೆಗೇ ಹಣ ಹಾಕುವುದುಂಟು. ಆ ಹಣ ನಿಮ್ಮದಲ್ಲ, ಫ್ಯಾಕ್ಟರ್ ಪರವಾಗಿ ನಿಮ್ಮ ಬಳಿ ಇರುವುದು ಅಷ್ಟೇ. ಸಂಬಳಕ್ಕೋ ಕಬ್ಬಿಣದಂಗಡಿಗೋ ಅದನ್ನು ಬಳಸಿದರೆ ಒಪ್ಪಂದ ಮುರಿದಂತೆ. ಬಂದ ದಿನವೇ ವರ್ಗಾಯಿಸಿ, ಫ್ಯಾಕ್ಟರ್‌ಗೆ ಇಮೇಲ್ ಮಾಡಿ. ಗಿರಾಕಿಗೆ ನೋಟಿಸ್ ತಲುಪಿದ್ದಕ್ಕೆ ಮುದ್ರೆ ಸಹಿತ ಸ್ವೀಕೃತಿ ಇದೆಯೇ ಎಂದು ನೋಡಿ. ಅವರ ಕಂಪ್ಯೂಟರಿನ ವೆಂಡರ್ ವಿವರದಲ್ಲಿ ಬ್ಯಾಂಕ್ ಖಾತೆ ಬದಲಾಗಿದೆಯೇ ಎಂದು ಅಕೌಂಟ್ಸ್ ವಿಭಾಗದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಅದು ಬದಲಾಗುವ ತನಕ ಮುಂದಿನ ಬಿಲ್ಲಿನ ಹಣವೂ ನಿಮ್ಮ ಖಾತೆಗೇ ಬರುತ್ತದೆ.