ಮೈಕ್ ಹಿಡಿದಾಗ ಓಡುವ ಮಾತಿಗೆ ಒಂದು ಗೆರೆ

ದಾವಣಗೆರೆಯಲ್ಲಿ ಸ್ಕೂಲು, ಸಂಘ ಅಂತ ಸ್ಟೇಜ್ ಮೇಲೆ ಅನೌನ್ಸ್ ಮಾಡುವವರಿಗೆ: ಚೀಟಿಯಲ್ಲಿ ಬರೆದ ವಾಕ್ಯಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಳ್ಳಿ, ಗೆರೆ ಇರುವಲ್ಲಿ ಮಾತ್ರ ನಿಲ್ಲಿ, ನಡುವಿನ ಪದಗಳನ್ನು ಒಂದೇ ಗುಕ್ಕಿನಲ್ಲಿ ಹೇಳಿ. ಹೀಗೆ: "ಮಳೆ ಬಂದಿದ್ದರಿಂದ / ನಾಳೆಯ ಆಟೋಟ / ಹೈಸ್ಕೂಲ್ ಮೈದಾನದ ಬದಲು / ಒಳಗಿನ ಹಾಲ್‌ನಲ್ಲಿ ನಡೆಯುತ್ತದೆ." ಕೇಳುವವರು ಪದ ಪದವಾಗಿ ಅಲ್ಲ, ಒಂದೊಂದು ವಿಷಯವಾಗಿ ಹಿಡಿದುಕೊಳ್ತಾರೆ, ಆ ಸಣ್ಣ ನಿಲುಗಡೆ ಅವರಿಗೆ ಹಿಂದಿನದನ್ನು ಜೋಡಿಸಿಕೊಳ್ಳಲು ಸಮಯ ಕೊಡುತ್ತೆ, ಅದಕ್ಕೇ ನೀವು ವೇಗ ಇಳಿಸದಿದ್ದರೂ ಅವಸರ ಅನ್ನಿಸಲ್ಲ. ಗೆರೆ ಎಲ್ಲಿ? ಕನ್ನಡದಲ್ಲಿ ಸುಲಭ: "ಇಂದ", "ಗೆ", "ಅಲ್ಲಿ", "ಬದಲು", "ಆದರೆ", "ಅಂತ" ಆದಮೇಲೆ ಸಾಮಾನ್ಯವಾಗಿ ನಿಲ್ಲಬಹುದು. ಆದರೆ "ಒಳಗಿನ / ಹಾಲ್" ಅಂತ ಒಡೆಯಬೇಡಿ, "ಬರುವ / ಮಕ್ಕಳು" ಅಂತಲೂ ಬೇಡ. ಉಸಿರು ಸಾಲದೆ ಅಲ್ಲೇ ನಿಂತುಬಿಡ್ತೀರಾ? ಹಾಗಾದ್ರೆ ಹಿಂದಿನ ಗೆರೆಯಲ್ಲಿ ಉಸಿರು ತೆಗೆದುಕೊಂಡಿಲ್ಲ ಅಂತ ಅರ್ಥ. ನಡುವಿನ ಗೆರೆಗಳಲ್ಲಿ ದನಿ ಪೂರ್ತಿ ಇಳಿಸಬೇಡಿ, ಇಳಿಸಿದರೆ ವಾಕ್ಯ ಮುಗೀತು ಅಂದ್ಕೊಂಡು ಮುಂದಿನ ಸಾಲಿನವರು ಚಪ್ಪಾಳೆ ಹೊಡೆದುಬಿಡ್ತಾರೆ. ಇದು ಕೆಲಸ ಮಾಡದಿರುವುದು ಪದಕ್ಕೊಂದು ಗೆರೆ ಹಾಕಿದಾಗ. ಆಗ ಹಾಜರಿ ಕರೆದ ಹಾಗೆ ಕೇಳುತ್ತೆ.